ಜಿಆರ್‌ಎನ್ ಬಾಕಿ, 3ಬಿಗೆ ಎರಡೇ ದಿನ

ಸಣ್ಣ ಕಾರ್ಖಾನೆಗಳ ಅಕೌಂಟ್ಸ್ ವಿಭಾಗದಲ್ಲಿ ತಿಂಗಳ 14ರಿಂದ 20ರವರೆಗೆ ಸ್ಟೋರ್ಸ್‌ನ ಹೆಸರು ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ. 14ಕ್ಕೆ ಜಿಎಸ್‌ಟಿಆರ್-2ಬಿ ಬರುತ್ತದೆ, ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು 20ರೊಳಗೆ 3ಬಿ ಹಾಕಬೇಕು. ಬಿಲ್ 2ಬಿಯಲ್ಲಿ ಕಂಡ ಮಾತ್ರಕ್ಕೆ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ, ಮಾಲು ಕೈಸೇರಿರಬೇಕು. ಕೈಸೇರಿದೆ ಎನ್ನುವ ಕಾಗದವೇ ಸ್ಟೋರ್ಸ್‌ನವರು ಮಾಡುವ ಜಿಆರ್‌ಎನ್. ಅದು ಬರದಿದ್ದರೆ ಕೆಲಸ ನಿಲ್ಲುವುದು ಅಕೌಂಟ್ಸ್‌ನವರದ್ದು.

ಆಗ ಮನಸ್ಸಿಗೆ ಬರುವ ಮೊದಲ ನಂಬಿಕೆ, "ಅವರು ಉದಾಸೀನ ಮಾಡುತ್ತಿದ್ದಾರೆ" ಎಂಬುದು. ಒಂದು ಉದಾಹರಣೆ ನೋಡೋಣ. ಮೂರು ಬಿಲ್‌ಗಳ ಜಿಆರ್‌ಎನ್ ಬಾಕಿ ಇವೆ. ಮೂರರ ಮೌಲ್ಯ 5 ಲಕ್ಷ, ಶೇ 18ರಂತೆ ತೆರಿಗೆ 90,000 ರೂಪಾಯಿ. ಸ್ಟೋರ್ಸ್‌ಗೆ ಹೋಗಿ ವಿಚಾರಿಸಿದರೆ ಮೂರಕ್ಕೂ ಬೇರೆ ಬೇರೆ ಕಥೆ. ಒಂದರ ಚಲನ್ ಇನ್ನೂ ಗೇಟಿನ ಸೆಕ್ಯೂರಿಟಿಯವರ ಫೈಲಿನಲ್ಲಿದೆ. ಇನ್ನೊಂದರ ಮಾಲು ಕ್ವಾಲಿಟಿಯವರ ತಪಾಸಣೆಗೆ ಕಾಯುತ್ತಿದೆ. ಮೂರನೆಯದರಲ್ಲಿ ಬಿಲ್ 500 ಕಿಲೋಗೆ, ತೂಕಕ್ಕೆ ಸಿಕ್ಕಿದ್ದು 480. ಪರ್ಚೇಸ್‌ನವರು ಏನಾದರೂ ಹೇಳದೆ ಸ್ಟೋರ್ಸ್‌ನವರು ಸಹಿ ಹಾಕುವುದಿಲ್ಲ, ಹಾಕಲೂಬಾರದು. ಅಂದರೆ ಬೇಕಾದ ಕಾಗದ ಆ ಮನುಷ್ಯನ ಕೈಯಲ್ಲೇ ಇರಲಿಲ್ಲ. "ಯಾಕೆ ಇನ್ನೂ ಕೊಟ್ಟಿಲ್ಲ?" ಎಂದು ಕೇಳಿದ್ದರೆ "ಕೊಡ್ತೀನಿ ಇರಿ" ಎಂಬ ಉತ್ತರ ಸಿಗುತ್ತಿತ್ತು, ಅಷ್ಟೇ. "ಎಲ್ಲಿ ನಿಂತಿದೆ, ಸರ್?" ಎಂದು ಕೇಳಿದ್ದಕ್ಕೆ ಮೂರು ವಿಳಾಸ ಸಿಕ್ಕವು. ಚಲನನ್ನಂತೂ ಗೇಟಿಗೆ ಹೋಗಿ ನಾವೇ ತಂದುಕೊಡಬಹುದು.

"ಮೃದುವಾಗಿ ಕೇಳುವುದೆಂದರೆ ಗಡುವು ಹೇಳದಿರುವುದು" ಎಂಬುದು ಇನ್ನೊಂದು ನಂಬಿಕೆ, ನಮ್ಮ ಸಂಕೋಚಕ್ಕೆ ಚೆನ್ನಾಗಿ ಒಗ್ಗಿಬಿಟ್ಟಿದೆ. "ಟೈಮ್ ಸಿಕ್ಕಾಗ ಜಿಆರ್‌ಎನ್ ಕಳಿಸಿ ಸರ್" ಎಂದರೆ ಟೈಮ್ ಸಿಗುವುದೇ ಇಲ್ಲ. ಲೋಡ್ ಇಳಿಸುತ್ತ ನಿಂತವರಿಗೆ ಯಾವ ಬಿಲ್, ಯಾವಾಗ ಬೇಕು ಎಂದು ಹುಡುಕುವ ಪುರುಸೊತ್ತು ಎಲ್ಲಿ? ಸಂದೇಶ ಹೀಗಿದ್ದರೆ ಅವರಿಗೂ ಅನುಕೂಲ:

"ಸರ್, ನಮಸ್ಕಾರ. ಈ ತಿಂಗಳ 3ಬಿಗೆ ಬಿಲ್ ನಂ. 412, 418, 431ರ ಜಿಆರ್‌ಎನ್ ಬೇಕಿತ್ತು. 18ರ ಸಂಜೆ 4ರೊಳಗೆ ಸಿಕ್ಕಿದ್ದನ್ನು ಈ ತಿಂಗಳಿಗೆ ಸೇರಿಸುತ್ತೇನೆ, ಉಳಿದದ್ದನ್ನು ಮುಂದಿನ ತಿಂಗಳಿಗೆ ಬಿಡುತ್ತೇನೆ. ಮೂರೂ ಉಳಿದರೆ ಈಗ 90,000 ನಗದಾಗಿ ಕಟ್ಟಬೇಕಾಗುತ್ತದೆ. ಎಲ್ಲಾದರೂ ನಿಂತಿದ್ದರೆ ಹೇಳಿ, ನಾನೇ ಅಲ್ಲಿ ವಿಚಾರಿಸುತ್ತೇನೆ."

ಇದರಲ್ಲಿ ದೂರಿಲ್ಲ, ಆದರೆ ಗಡುವು ಇದೆ, ಮೊತ್ತ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಗದ ಬರದಿದ್ದರೆ ನಾವು ಏನು ಮಾಡುತ್ತೇವೆ ಎಂಬುದು ಮೊದಲೇ ತಿಳಿಯುತ್ತದೆ. 20ನ್ನು ಹೇಳದೆ 18 ಎಂದದ್ದು ಸುಳ್ಳು ಗಡುವಲ್ಲ. ಲೆಕ್ಕ ತಾಳೆ ನೋಡಿ, ಹಣ ಹೊಂದಿಸಿ, ಚಲನ್ ಕಟ್ಟುವುದಕ್ಕೆ ಎರಡು ದಿನ ನಿಜವಾಗಿಯೂ ಬೇಕು. ಯಾಕೆ ಎಂದು ಕೇಳಿದರೆ ಹಾಗೆಂದೇ ಹೇಳಬಹುದು.

"ಅವರು ಕೊಡದೆ ನಾನು ಫೈಲ್ ಮಾಡುವಂತೆಯೇ ಇಲ್ಲ" ಎಂಬುದು ಪೂರ್ತಿ ತಪ್ಪು, ಆದರೆ ಅರ್ಧ ಜಗಳಗಳ ಮೂಲ ಇದೇ. ಜಿಆರ್‌ಎನ್ ಬಾರದ ಬಿಲ್‌ಗಳ ಕ್ರೆಡಿಟ್ ಬಿಟ್ಟು ರಿಟರ್ನ್ ಸಮಯಕ್ಕೆ ಹಾಕಬಹುದು. ಮಾಲು ಕೈಸೇರಿದ ಮೇಲೆ ಆ ಕ್ರೆಡಿಟ್ ಮುಂದಿನ ರಿಟರ್ನ್‌ನಲ್ಲಿ ಸಿಗುತ್ತದೆ. ಅದಕ್ಕೆ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್, ಯಾವುದು ಮೊದಲೋ ಅದುವರೆಗೆ ಅವಕಾಶವಿದೆ. ಒಂದು ತಿಂಗಳ ಮಟ್ಟಿಗೆ ನಗದು ಹೆಚ್ಚು ಹೋಗುತ್ತದೆ, ನಿಜ. ಆದರೆ ಜಿಆರ್‌ಎನ್‌ಗೆ ಕಾದು ರಿಟರ್ನ್ ತಡಮಾಡಿದರೆ ದಿನಕ್ಕೆ 50 ರೂಪಾಯಿ ತಡಶುಲ್ಕ, ನಗದಾಗಿ ಕಟ್ಟಬೇಕಿದ್ದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ಇದು ಗೊತ್ತಿದ್ದವರ ದನಿ ತಾನಾಗಿ ತಗ್ಗುತ್ತದೆ.

"ಬಾಸ್‌ಗೆ ಕಾಪಿ ಹಾಕಿದರೆ ಕೆಲಸವಾಗುತ್ತದೆ" ಎನ್ನುವವರಿದ್ದಾರೆ. ಆ ಸಲಕ್ಕೆ ಆಗುತ್ತದೆ, ಸುಳ್ಳಲ್ಲ. ಆದರೆ ಮುಂದಿನ ತಿಂಗಳಿಂದ ತೂಕದಲ್ಲಿ ವ್ಯತ್ಯಾಸ ಬಂದರೆ ಸ್ಟೋರ್ಸ್‌ನವರು ನಿಮಗೆ ಬಾಯಿ ಬಿಡುವುದಿಲ್ಲ. ಬಾಸ್‌ಗೆ ತಿಳಿಸಲೇಬಾರದು ಎಂದಲ್ಲ. ನಗದು ಹೊಂದಿಸಬೇಕಾದವರು ಅವರೇ, ಹಾಗಾಗಿ ವಿಷಯ ಅವರಿಗೆ ಹೋಗಲೇಬೇಕು. 18ರ ಸಂಜೆ ಮೊದಲು ಸ್ಟೋರ್ಸ್‌ಗೇ ಫೋನ್ ಮಾಡಿ "ಸರ್, 431 ಮುಂದಿನ ತಿಂಗಳಿಗೆ ಹೋಗುತ್ತೆ, ಹಣದ ವಿಷಯ ಬಾಸ್‌ಗೆ ಹೇಳ್ತಾ ಇದ್ದೀನಿ" ಎನ್ನಿ. ಆಮೇಲೆ ಬಾಸ್‌ಗೆ ಬರೆಯಿರಿ: "412, 418ರ ಜಿಆರ್‌ಎನ್ ಬಂದಿವೆ. 431ರಲ್ಲಿ 20 ಕಿಲೋ ಕಡಿಮೆ ಬಂದಿದೆ, ಪರ್ಚೇಸ್‌ನವರು ಸಪ್ಲೈಯರ್ ಜೊತೆ ಮಾತನಾಡುತ್ತಿದ್ದಾರೆ. ಅದನ್ನು ಬಿಟ್ಟು ಫೈಲ್ ಮಾಡಲು 40,500 ಹೆಚ್ಚು ನಗದು ಬೇಕು." ಇದನ್ನು ಸ್ಟೋರ್ಸ್‌ನವರು ಓದಿದರೂ ಮುನಿಸಿಕೊಳ್ಳಲು ಕಾರಣವಿಲ್ಲ.

ಅಂದಹಾಗೆ, 2ಬಿ ಬರಲಿ ಎಂದು 14ರವರೆಗೆ ಕಾಯುವ ಅಗತ್ಯವೇ ಇಲ್ಲ. ಬಿಲ್‌ಗಳು ಅಕೌಂಟ್ಸ್‌ನ ಟೇಬಲ್ಲಿಗೆ ಅದಕ್ಕಿಂತ ಮೊದಲೇ ಬಂದಿರುತ್ತವೆ. ಜಿಆರ್‌ಎನ್ ಇಲ್ಲದವುಗಳ ಪಟ್ಟಿಯನ್ನು ತಿಂಗಳ ಮೊದಲ ವಾರದಲ್ಲೇ ಸ್ಟೋರ್ಸ್‌ಗೆ ಕೊಟ್ಟರೆ ಗೇಟಿನ ಚಲನ್, ಕ್ವಾಲಿಟಿಯ ತಪಾಸಣೆ ಎರಡೂ 14ರೊಳಗೆ ಮುಗಿಯುತ್ತವೆ. ತೂಕದ ತಕರಾರು ಮಾತ್ರ ತನ್ನ ಸಮಯ ತೆಗೆದುಕೊಳ್ಳುತ್ತದೆ.