ಗರ್ಡರಿನ ಕೆಳಗಿನ ರಬ್ಬರು

ಹೊನ್ನಾಳಿಯ ತುಂಗಭದ್ರೆಯಾಗಲಿ, ಚನ್ನಗಿರಿಯ ಭದ್ರಾ ನಾಲೆಗಳಾಗಲಿ, ನ್ಯಾಮತಿ, ಜಗಳೂರುಗಳ ಹಳ್ಳಗಳಾಗಲಿ, ಇವುಗಳ ಮೇಲೆ ಇಂದು ಕಟ್ಟುವ ಸೇತುವೆಯ ಕಾಂಕ್ರೀಟ್ ಗರ್ಡರು ಸಾಮಾನ್ಯವಾಗಿ ಕಂಬದ ಮೇಲೆ ನೇರವಾಗಿ ಕೂರುವುದಿಲ್ಲ. ನಡುವೆ ಒಂದು ಕಪ್ಪು ದಿಂಡು ಇರುತ್ತದೆ. ಅದು ನಿಯೋಪ್ರೀನ್ ರಬ್ಬರಿನ ಪದರಗಳ ನಡುವೆ ಉಕ್ಕಿನ ತೆಳು ಹಲಗೆಗಳನ್ನು ಇಟ್ಟು, ಬಿಸಿ ಮತ್ತು ಒತ್ತಡದಲ್ಲಿ ಬೆಸೆದು ಮಾಡಿದ ಬೇರಿಂಗ್. ಭಾರ ಹೊರುವುದು, ಗರ್ಡರಿನ ತುದಿ ವಾಲಿದಾಗ ಅದರೊಂದಿಗೆ ವಾಲುವುದು, ಗರ್ಡರು ಹಿಗ್ಗಿ ಕುಗ್ಗುವಾಗ ಅಡ್ಡಕ್ಕೆ ಓರೆಯಾಗುವುದು, ಈ ಮೂರೂ ಅದರ ಕೆಲಸ.

ರಬ್ಬರಿನ ಗಾತ್ರವನ್ನು ಒತ್ತಿ ಕುಗ್ಗಿಸುವುದು ಬಹಳ ಕಷ್ಟ. ಮೇಲಿನಿಂದ ಭಾರ ಬಿದ್ದಾಗ ಅದು ಬದಿಗಳಿಂದ ಉಬ್ಬಿ ತಗ್ಗುತ್ತದೆ. ಒಳಗೆ ಬೆಸೆದ ಉಕ್ಕಿನ ಹಲಗೆ ಈ ಉಬ್ಬನ್ನು ಹಿಡಿದಿಡುತ್ತದೆ. ಉಕ್ಕು ಮತ್ತು ರಬ್ಬರುಗಳನ್ನು ಹೀಗೆ ಜೋಡಿಸುವ ವಿಧಾನಕ್ಕೆ ಫ್ರಾನ್ಸಿನ ಯುಜೀನ್ ಫ್ರೆಸಿನೆ 1954ರಲ್ಲಿ ಪೇಟೆಂಟ್ ಪಡೆದರು. ಒಂದು ಪದರದಲ್ಲಿ ಭಾರ ಹೊರುವ ವಿಸ್ತೀರ್ಣವನ್ನು ಉಬ್ಬಲು ತೆರೆದಿರುವ ಬದಿಗಳ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆಕಾರಾಂಕ. ಲಂಬ ಬಿಗಿತ ಸರಿಸುಮಾರು ಈ ಆಕಾರಾಂಕದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಡ್ಡಕ್ಕೆ ಓರೆಯಾಗುವ ಸಲೀಸುತನವಾದರೋ ಪದರಗಳ ಸಂಖ್ಯೆಯನ್ನಲ್ಲ, ರಬ್ಬರಿನ ಒಟ್ಟು ದಪ್ಪವನ್ನು ಅವಲಂಬಿಸಿರುತ್ತದೆ. ಅಂದರೆ, ಅದೇ ರಬ್ಬರನ್ನು ನಾಲ್ಕು ಪದರಗಳಾಗಿ ಸೀಳಿ ನಡುವೆ ಉಕ್ಕನ್ನಿಟ್ಟರೆ ಭಾರಕ್ಕೆ ಅದು ಹತ್ತಾರು ಪಟ್ಟು ಬಿಗಿಯಾಗುತ್ತದೆ, ಅಡ್ಡ ಚಲನೆಗೆ ಮಾತ್ರ ಮೊದಲಿನಷ್ಟೇ ಮೆದುವಾಗಿ ಉಳಿಯುತ್ತದೆ. ಒಂದೇ ವಸ್ತು ಎರಡು ದಿಕ್ಕಿಗೆ ಎರಡು ಸ್ವಭಾವ ತೋರುವ ಈ ಗುಣ ಎಷ್ಟು ಸಲ ಲೆಕ್ಕ ಹಾಕಿದರೂ ಬೆರಗು ಹುಟ್ಟಿಸುತ್ತದೆ.

ಉದಾಹರಣೆಗೆ 20 ಮೀಟರ್ ಉದ್ದದ ಗರ್ಡರೊಂದನ್ನು ಕಲ್ಪಿಸಿಕೊಳ್ಳಬಹುದು. ವಾಹನಗಳಿದ್ದಾಗ ಬೇರಿಂಗ್ ಒಂದರ ಮೇಲಿನ ಭಾರ 800 ಕಿಲೋನ್ಯೂಟನ್, ಅಂದರೆ ಸುಮಾರು 80 ಟನ್. ಸೇತುವೆ ಖಾಲಿ ಇದ್ದಾಗ ಅದರ ಅರ್ಧ. ತುದಿಯ ವಾಲಿಕೆ 0.0025 ರೇಡಿಯನ್. ತಾಪಮಾನದ ಏರಿಳಿತ, ಕಾಂಕ್ರೀಟ್ ಒಣಗಿ ಕುಗ್ಗುವುದು, ಕಾಲಕ್ರಮದಲ್ಲಿ ಭಾರಕ್ಕೆ ಮಣಿಯುವುದು, ಇವೆಲ್ಲ ಸೇರಿ ಮೀಟರಿಗೆ ಅರ್ಧ ಮಿಲಿಮೀಟರ್ ಎಂದು ಹಿಡಿಯುವುದು ರೂಢಿ. ಚಲನೆ ಎರಡು ತುದಿಗಳಿಗೂ ಹಂಚಿಕೆಯಾಗುವುದರಿಂದ ಪ್ರತಿ ತುದಿಗೆ 5 ಮಿಲಿಮೀಟರ್. ಬ್ರೇಕ್ ಹಾಕಿದಾಗ ಬೇರಿಂಗಿಗೆ ಬರುವ ಅಡ್ಡ ಬಲ 25 ಕಿಲೋನ್ಯೂಟನ್ ಎಂದಿಟ್ಟುಕೊಳ್ಳೋಣ.

320 ಮಿ.ಮೀ. ಅಗಲ, 500 ಮಿ.ಮೀ. ಉದ್ದದ ಬೇರಿಂಗನ್ನು, ಚಿಕ್ಕ ಬದಿ ಗರ್ಡರಿನ ಉದ್ದದ ದಿಕ್ಕಿಗೆ ಬರುವಂತೆ ಇಟ್ಟರೆ, ಅಂಚಿನ ರಬ್ಬರು ಹೊದಿಕೆ ಕಳೆದು ಭಾರ ಹೊರುವ ಭಾಗ 308 × 488 ಮಿ.ಮೀ. ಒಳಪದರಗಳು 10 ಮಿ.ಮೀ.ನ ಮೂರು, ಮೇಲೆ ಕೆಳಗೆ 5 ಮಿ.ಮೀ.ನ ಒಂದೊಂದು, ಒಟ್ಟು ರಬ್ಬರು 40 ಮಿ.ಮೀ. ಆಕಾರಾಂಕ 9.4. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 83ನೆಯ ಸಂಹಿತೆಯ ಎರಡನೇ ಭಾಗದ 1987ರ ಆವೃತ್ತಿ ಅದು 6ರಿಂದ 12ರ ನಡುವೆ ಇರಬೇಕೆನ್ನುತ್ತಿತ್ತು. ಒತ್ತಡ ಚದರ ಮಿಲಿಮೀಟರಿಗೆ 5.3 ನ್ಯೂಟನ್, ಅದೇ ಆವೃತ್ತಿಯ ಮಿತಿ 10. ಓರೆಯ ಪ್ರಮಾಣದಲ್ಲಿ ಹಿಗ್ಗು ಕುಗ್ಗಿನ ಪಾಲು 5/40, ಬ್ರೇಕಿನ ಪಾಲು 0.17, ಒಟ್ಟು ಸುಮಾರು 0.29, ಮಿತಿ 0.7. ವಾಲುವಾಗ ಯಾವ ಅಂಚೂ ಮೇಲೇಳಬಾರದು ಎಂಬ ಷರತ್ತಿಗೆ ಈ ಬೇರಿಂಗ್ 0.0029 ರೇಡಿಯನ್ ತನಕ ತಾಳುತ್ತದೆ. ಬೇಕಾದದ್ದು 0.0025. ಅಂತರ ಸಣ್ಣದು, ಆದರೂ ಸಾಕು.

ಸುರಕ್ಷತೆಗೆಂದು ಇದಕ್ಕಿಂತ ದೊಡ್ಡದಾದ 400 × 630 ಮಿ.ಮೀ. ಬೇರಿಂಗನ್ನು ಹಾಕಿದರೆ ಏನಾದೀತು? ವಾಹನಭಾರದ ಒತ್ತಡವೇನೋ ಇಳಿಯುತ್ತದೆ. ಆದರೆ ಖಾಲಿ ಸೇತುವೆಯ 400 ಕಿಲೋನ್ಯೂಟನ್ ಭಾರ ಹೆಚ್ಚು ಜಾಗಕ್ಕೆ ಹರಡಿ, ಒತ್ತಡ 1.7ಕ್ಕೆ ಕುಸಿಯುತ್ತದೆ. ಆ ಆವೃತ್ತಿಯ ಪ್ರಕಾರ ಅದು 2ಕ್ಕಿಂತ ಕಡಿಮೆಯಾಗಬಾರದಿತ್ತು. ಕಾಂಕ್ರೀಟಿನ ಮೇಲೆ ರಬ್ಬರನ್ನು ಹಿಡಿದಿಡುವುದು ಭಾರದಿಂದ ಹುಟ್ಟುವ ಘರ್ಷಣೆ ಮಾತ್ರ, ಅದು ಸಾಲದಾದರೆ ಬೇರಿಂಗ್ ಮೆಲ್ಲಗೆ ಜಾರಿ ಕಂಬದ ಅಂಚಿನತ್ತ ಸಾಗುತ್ತದೆ. ವಾಲುವ ಸಾಮರ್ಥ್ಯವೂ 0.0009ಕ್ಕೆ ಬೀಳುತ್ತದೆ. ಸರಿಯಾದ ಬೇರಿಂಗನ್ನೇ ತೊಂಬತ್ತು ಡಿಗ್ರಿ ತಿರುಗಿಸಿಟ್ಟರೂ ಸಾಲುವುದಿಲ್ಲ: ವಾಲಿಕೆಯ ದಿಕ್ಕಿಗೆ 488 ಮಿ.ಮೀ. ಬಂದು ಸಾಮರ್ಥ್ಯ 0.0018 ಆಗುತ್ತದೆ. ಕೆಲಸದ ಸ್ಥಳದಲ್ಲಿ ಈ ತಪ್ಪು ಸುಲಭವಾಗಿ ಕಣ್ತಪ್ಪಬಹುದು, ಏಕೆಂದರೆ ಎರಡೂ ರೀತಿಯಲ್ಲಿ ಅದು ಅಚ್ಚುಕಟ್ಟಾಗಿಯೇ ಕೂತಂತೆ ಕಾಣುತ್ತದೆ.

ಬಳಕೆಯಲ್ಲಿರುವ ಬೇರಿಂಗಿನ ಸ್ಥಿತಿಯನ್ನು ಅದರ ಬದಿಗಳೇ ಹೇಳುತ್ತವೆ. ಹಲಗೆಗಳ ನಡುವೆ ಸಮನಾದ ಸಣ್ಣ ಉಬ್ಬುಸಾಲುಗಳಿದ್ದರೆ ಅದು ಸಹಜ. ಒಂದೇ ಬದಿ ಉಬ್ಬಿ, ಎದುರು ಬದಿಯಲ್ಲಿ ತೆಳು ತಗಡು ತೂರುವಷ್ಟು ಸಂದು ಬಿಟ್ಟಿದ್ದರೆ ವಾಲಿಕೆ ಮಿತಿ ಮೀರಿದೆ, ಇಲ್ಲವೇ ಕೆಳಗಿನ ಪೀಠ ಮಟ್ಟವಾಗಿಲ್ಲ. ತುಕ್ಕಿನ ಗೆರೆ ಕಂಡರೆ ಹೊದಿಕೆ ಸೀಳಿ ನೀರು ಉಕ್ಕನ್ನು ತಲುಪಿದೆ. ಬದಲಿಸಬೇಕಾದಾಗ ಜ್ಯಾಕ್‌ಗಳಿಂದ ಗರ್ಡರುಗಳನ್ನು ಕೆಲವೇ ಮಿಲಿಮೀಟರ್ ಎತ್ತಬೇಕು, ಅದೂ ಆ ಕಂಬದ ಮೇಲಿನ ತುದಿಗಳನ್ನೆಲ್ಲ ಒಟ್ಟಿಗೆ. ಒಂದನ್ನೇ ಎತ್ತಿದರೆ ಅವುಗಳನ್ನು ಹೆಣೆದಿರುವ ಮೇಲಿನ ಸ್ಲ್ಯಾಬ್ ಬಿರುಕು ಬಿಡಬಹುದು.