ಒಂದೇ ಕಂತು ಎರಡು ಸಲ ಕಡಿತವಾದರೆ

18,500 ರೂಪಾಯಿ ಸಾಲದ ಕಂತು 5ನೇ ತಾರೀಖು ಎರಡು ಸಲ ಕಡಿತವಾಗಿದೆ ಎನ್ನಿ. ಮೊದಲು ಸಾಲದ ಖಾತೆಯ ಸ್ಟೇಟ್‌ಮೆಂಟ್ ನೋಡಿ. ಎರಡನೆಯದೂ ಅಲ್ಲಿ ಜಮೆಯಾಗಿದ್ದರೆ ಬ್ಯಾಂಕು ಅದನ್ನು ಮುಂಗಡವೆಂದು ಇಟ್ಟುಕೊಳ್ಳಬಹುದು. ಆದ್ದರಿಂದ ಪತ್ರದಲ್ಲಿ ಎರಡೂ ವಹಿವಾಟಿನ ಸಂಖ್ಯೆ ಬರೆದು, ‘ಮುಂದಿನ ಕಂತಿಗೆ ಹೊಂದಿಸಬೇಡಿ; ಕಡಿತವಾದ ದಿನಾಂಕದಿಂದಲೇ ಲೆಕ್ಕಕ್ಕೆ ಬರುವಂತೆ ಉಳಿತಾಯ ಖಾತೆಗೆ ಮರಳಿಸಿ’ ಎಂದು ಕೇಳಿ. ಹಾಗೆ ಜಮೆ ಮಾಡಿದರೆ ಆ ದಿನಗಳ ಬಡ್ಡಿಯೂ ಸೇರುತ್ತದೆ. ಶೇ. 3ರ ದರದಲ್ಲಿ 20 ದಿನಕ್ಕೆ ಅದು ಸುಮಾರು 30 ರೂಪಾಯಿಯಷ್ಟೆ. ದೊಡ್ಡ ಪೆಟ್ಟು ಬೇರೆ ಕಡೆ ಬೀಳುತ್ತದೆ: ಇದರಿಂದ ಹಣ ಸಾಲದೆ ಚೆಕ್ ಬೌನ್ಸ್ ಆಗಿದ್ದರೆ ಆ ಶುಲ್ಕವನ್ನೂ ಕೇಳಲೇಬೇಕು. ಪತ್ರದ ನಕಲಿಗೆ ಶಾಖೆಯ ಮೊಹರು ಹಾಕಿಸಿಕೊಳ್ಳಿ. 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಉಚಿತವಾಗಿ ದೂರು ಕೊಡಬಹುದು.