ಬಿಸಿಯೂಟಕ್ಕೆ ಕೂರುವ ಮುನ್ನ

ಮಕ್ಕಳೇ, ಬಿಸಿಯೂಟದ ಗಂಟೆ ಹೊಡೆದರೆ ನಲ್ಲಿಯ ಹತ್ತಿರ ನೂಕುನುಗ್ಗಲು. ಬೆರಳು ನೆನೆಸಿ ಓಡಿಬಿಡುತ್ತೀರಿ, ಅಲ್ಲವೇ? ಬರೀ ನೀರು ಸಾಲದು. ನಮ್ಮ ಚರ್ಮದ ಮೇಲೆ ತೆಳ್ಳಗೆ ಜಿಡ್ಡಿರುತ್ತದೆ. ಭೇದಿ ತರುವ ರೋಗಾಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ನೀರು ಜಿಡ್ಡಿನ ಮೇಲೆ ಜಾರಿಹೋಗುತ್ತದೆ. ಸೋಪು ಜಿಡ್ಡನ್ನು ಬಿಡಿಸುತ್ತದೆ. ರೋಗಾಣುಗಳೂ ಅದರ ಜೊತೆಗೇ ಕೊಚ್ಚಿಹೋಗುತ್ತವೆ.

ಕೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ. ಅಂಗೈಯನ್ನು ಎಲ್ಲರೂ ಉಜ್ಜುತ್ತಾರೆ. ತಪ್ಪಿಹೋಗುವುದು ಹೆಬ್ಬೆರಳು, ಬೆರಳ ಸಂದಿ, ಉಗುರಿನ ಅಡಿ. ಅನ್ನ ಕಲಸುವುದು ಅದೇ ಬೆರಳ ತುದಿಯಲ್ಲಿ! ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುಗಿಸಿ. ಉಗುರುಗಳನ್ನು ಅಂಗೈಗೆ ತಿಕ್ಕಿ. ಆಮೇಲೆ ನೀರು ಬಿಟ್ಟು ತೊಳೆಯಿರಿ. ಒದ್ದೆ ಕೈಯನ್ನು ಯೂನಿಫಾರ್ಮಿಗೆ ಒರೆಸಬೇಡಿ, ಗಾಳಿಗೆ ಆರಲಿ. ಶೌಚಾಲಯಕ್ಕೆ ಹೋಗಿ ಬಂದಾಗಲೂ ಹೀಗೇ ತೊಳೆಯಿರಿ.

ನಲ್ಲಿಯ ಬಳಿ ಸೋಪಿಲ್ಲವೇ? ಇವತ್ತೇ ಟೀಚರಿಗೆ ಹೇಳಿ.